ಬ್ಯಾಂಕಿನ ಆ್ಯಪ್‌ಗೆ 67 ಅಂಕ ಬಂದರೆ

ಒಂದು ಬ್ಯಾಂಕು ಹೊಸ ಮೊಬೈಲ್ ಆ್ಯಪ್ ಹೊರತಂದಾಗ ಅದನ್ನು ಎಷ್ಟು ಜನ ಇಳಿಸಿಕೊಂಡರು, ಎಷ್ಟು ನಕ್ಷತ್ರ ಕೊಟ್ಟರು ಎಂಬ ಲೆಕ್ಕ ತಾನಾಗಿ ಸಿಗುತ್ತದೆ. ಆದರೆ ನಕ್ಷತ್ರ ಕೊಡಲು ಬರುವವರು ಸಾಮಾನ್ಯವಾಗಿ ತುಂಬ ಸಿಟ್ಟಾದವರು, ಇಲ್ಲವೇ ತುಂಬ ಮೆಚ್ಚಿದವರು. ಪಿಂಚಣಿ ಬಂತೋ ಇಲ್ಲವೋ ನೋಡಲು ಆ್ಯಪ್ ತೆರೆದು, ದಾರಿ ಸಿಗದೆ ಮುಚ್ಚಿ, ಮರುದಿನ ಶಾಖೆಯ ಸಾಲಿನಲ್ಲಿ ನಿಂತ ಹಿರಿಯರು ಯಾವ ನಕ್ಷತ್ರವನ್ನೂ ಒತ್ತಿರುವುದಿಲ್ಲ. ಅಂಥವರಿಗೆ ಆ್ಯಪ್ ಹೇಗೆ ಕಂಡಿತು ಎಂದು ತಿಳಿಯಬೇಕಾದರೆ ಅವರನ್ನು ಕರೆದು ಕೂರಿಸಿ, ಫೋನು ಕೈಗೆ ಕೊಟ್ಟು, ನಾಲ್ಕು ಕೆಲಸ ಮಾಡಿಸಿ ನೋಡಬೇಕು. ಕೆಲಸ ಮುಗಿದ ಮೇಲೆ ಅವರ ಮುಂದೆ ಒಂದು ಹಾಳೆ ಇಡುವುದು ರೂಢಿ. ಅದರಲ್ಲಿ ಹತ್ತು ಹೇಳಿಕೆಗಳಿರುತ್ತವೆ. ಪ್ರತಿಯೊಂದರ ಎದುರಿಗೆ 1ರಿಂದ 5ರವರೆಗಿನ ಅಂಕಿಗಳು: 1 ಎಂದರೆ ಸ್ವಲ್ಪವೂ ಒಪ್ಪುವುದಿಲ್ಲ, 5 ಎಂದರೆ ಪೂರ್ತಿ ಒಪ್ಪುತ್ತೇನೆ.

ಈ ಹಾಳೆಯ ಹೆಸರು ಸಿಸ್ಟಮ್ ಯೂಸಬಿಲಿಟಿ ಸ್ಕೇಲ್. ಈ ಕೆಲಸದಲ್ಲಿರುವವರು ಎಸ್‌ಯುಎಸ್ ಎಂದು ಚಿಕ್ಕದಾಗಿ ಕರೆಯುತ್ತಾರೆ. ಇದನ್ನು 1986ರಲ್ಲಿ ರೂಪಿಸಿದವರು ಜಾನ್ ಬ್ರೂಕ್. ಆಗ ಅವರು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಯಲ್ಲಿದ್ದರು. ಪರೀಕ್ಷೆಗೆ ಕೂತು ದಣಿದವರಿಗೆ ಉದ್ದನೆಯ ಪ್ರಶ್ನಾವಳಿ ಕೊಟ್ಟರೆ ಅರ್ಧಕ್ಕೇ ಬಿಡುತ್ತಾರೆ, ಒಂದೆರಡು ನಿಮಿಷದಲ್ಲಿ ಮುಗಿಯುವಂಥದ್ದು ಬೇಕು ಎಂಬುದು ಅವರ ಅಗತ್ಯವಾಗಿತ್ತು. ಮೊದಲು 50 ಹೇಳಿಕೆಗಳನ್ನು ಒಟ್ಟುಮಾಡಿ, ಬಳಸಲು ಸುಲಭವಾದ ಒಂದು ತಂತ್ರಾಂಶ ಮತ್ತು ಕಷ್ಟವೆನಿಸುವ ಇನ್ನೊಂದನ್ನು ಸುಮಾರು 20 ಸಹೋದ್ಯೋಗಿಗಳಿಗೆ ತೋರಿಸಿ, ಅವೆರಡರ ಅಂತರವನ್ನು ಎದ್ದು ಕಾಣುವಂತೆ ಮಾಡಿದ ಹತ್ತನ್ನು ಮಾತ್ರ ಉಳಿಸಿಕೊಂಡರು. ಅದು ಪುಸ್ತಕದ ಅಧ್ಯಾಯವಾಗಿ ಅಚ್ಚಾದದ್ದು 1996ರಲ್ಲಿ. ಹಣ ಕೊಡದೆ ಯಾರು ಬೇಕಾದರೂ ಬಳಸಬಹುದಾದ್ದರಿಂದ ಅದು ಜಗತ್ತಿನ ತುಂಬ ಹರಡಿತು.

ಹತ್ತು ಹೇಳಿಕೆಗಳ ಸಾರ ಹೀಗಿದೆ. ಇದನ್ನು ಮತ್ತೆ ಮತ್ತೆ ಬಳಸಬೇಕು ಅನ್ನಿಸುತ್ತದೆ ಎಂಬುದು ಮೊದಲನೆಯದು. ಇದು ಬೇಡದಷ್ಟು ಜಟಿಲವಾಗಿದೆ ಎಂಬುದು ಎರಡನೆಯದು. ಮೂರನೆಯದು ಬಳಸಲು ಸುಲಭ ಎನ್ನುತ್ತದೆ. ನಾಲ್ಕನೆಯದು ಬಳಸಬೇಕಾದರೆ ಗೊತ್ತಿರುವವರೊಬ್ಬರ ಸಹಾಯ ಬೇಕು ಎನ್ನುತ್ತದೆ. ಬೇರೆ ಬೇರೆ ಕೆಲಸಗಳನ್ನು ಚೆನ್ನಾಗಿ ಜೋಡಿಸಿದ್ದಾರೆ ಎಂಬುದು ಐದನೆಯದಾದರೆ, ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇಲ್ಲದೆ ತಾಳ ತಪ್ಪಿದೆ ಎಂಬುದು ಆರನೆಯದು. ಹೆಚ್ಚಿನವರು ಬೇಗ ಕಲಿತುಬಿಡುತ್ತಾರೆ, ಬಳಸುವುದು ತೊಡಕಿನ ಕೆಲಸ, ಧೈರ್ಯವಾಗಿ ಬಳಸಿದೆ, ಬಳಸಲು ಶುರುಮಾಡುವ ಮೊದಲು ತುಂಬ ಕಲಿಯಬೇಕಾಯಿತು: ಇವು ಕೊನೆಯ ನಾಲ್ಕು.

ಬೆಸ ಸಂಖ್ಯೆಯವು ಹೊಗಳುತ್ತವೆ, ಸಮ ಸಂಖ್ಯೆಯವು ತೆಗಳುತ್ತವೆ. ಬ್ರೂಕ್ ಇದನ್ನು ಬೇಕೆಂದೇ ಹೀಗೆ ಹೆಣೆದರು. ಎಲ್ಲವೂ ಹೊಗಳಿಕೆಯೇ ಆಗಿದ್ದರೆ ಜನ ಓದದೆ ಮೇಲಿನಿಂದ ಕೆಳಗೆ ಒಂದೇ ಅಂಕಿಗೆ ಸುತ್ತು ಹಾಕಿಬಿಡುತ್ತಾರೆ. ಒಂದು ಬಿಟ್ಟು ಒಂದು ತಿರುಗಿದರೆ ಪ್ರತಿ ಸಾಲಿನಲ್ಲೂ ನಿಂತು ಯೋಚಿಸುತ್ತಾರೆ ಎಂಬುದು ಅವರ ಲೆಕ್ಕಾಚಾರ. ಆ ಉಪಾಯ ಎಷ್ಟರಮಟ್ಟಿಗೆ ಫಲಿಸಿತು ಎಂಬುದು ಬೇರೆ ಮಾತು. ಆದರೆ ಅಂಕ ಹಾಕುವವರ ಕಷ್ಟವೆಲ್ಲ ಶುರುವಾಗುವುದು ಈ ತಿರುವಿನಲ್ಲೇ.

ಲೆಕ್ಕ ಕಣ್ಣಿಗೆ ಕಾಣಲೆಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದರ ಅಂಕಿಗಳು ನಾನು ಹೊಂದಿಸಿದವು. ಒಂದು ಸಹಕಾರಿ ಬ್ಯಾಂಕಿನ ಕನ್ನಡ ಆ್ಯಪ್. ಅದರಲ್ಲಿ ಖಾತೆಯಿರುವ ಎಂಟು ಜನರನ್ನು ಒಬ್ಬೊಬ್ಬರಾಗಿ ಕರೆಯಲಾಗಿದೆ. ಎಲ್ಲರಿಗೂ ಅವೇ ನಾಲ್ಕು ಕೆಲಸ: ಖಾತೆಯಲ್ಲಿ ಎಷ್ಟಿದೆ ನೋಡುವುದು, ಹಣ ಕಳಿಸಬೇಕಾದ ಹೊಸಬರೊಬ್ಬರ ಖಾತೆ ಸಂಖ್ಯೆಯನ್ನೂ ಐಎಫ್‌ಎಸ್‌ಸಿಯನ್ನೂ ಸೇರಿಸುವುದು, ಅವರಿಗೆ 500 ರೂಪಾಯಿ ಕಳಿಸುವುದು, ಕಳೆದುಹೋದ ಡೆಬಿಟ್ ಕಾರ್ಡನ್ನು ಬ್ಲಾಕ್ ಮಾಡುವುದು. ಪರೀಕ್ಷೆಯ ಖಾತೆ, ಪರೀಕ್ಷೆಯ ಹಣ. ಮಾಡುವಾಗ ಪಕ್ಕದಲ್ಲಿರುವವರು ಹೇಳಿಕೊಡುವಂತಿಲ್ಲ. ಮುಗಿದ ಕೂಡಲೇ, "ಹೇಗನ್ನಿಸಿತು?" ಎಂದು ಮಾತಿಗಿಳಿಯುವ ಮೊದಲೇ, ಹಾಳೆ ಕೊಡಬೇಕು. ಮಾತಾಡಿದ ಮೇಲೆ ಕೊಟ್ಟರೆ ಅವರು ಅಂಕ ಹಾಕುವುದು ಆ್ಯಪ್‌ಗಲ್ಲ, ಆಡಿದ ಮಾತಿಗೆ.

ಮೊದಲು ಬಂದ ಅಂಗಡಿಯವರು ಒಂದರಿಂದ ಹತ್ತರವರೆಗೆ ಗುರುತು ಹಾಕಿದ್ದು ಹೀಗೆ: 4, 2, 4, 3, 4, 2, 4, 2, 3, 3.

ಹೊಗಳುವ ಹೇಳಿಕೆಯಾದರೆ ಹಾಕಿದ ಅಂಕಿಯಿಂದ 1 ಕಳೆಯಬೇಕು. ತೆಗಳುವ ಹೇಳಿಕೆಯಾದರೆ 5ರಿಂದ ಹಾಕಿದ ಅಂಕಿಯನ್ನು ಕಳೆಯಬೇಕು. ಆಗ ಯಾವ ಹೇಳಿಕೆಯಾದರೂ ಸೊನ್ನೆಯಿಂದ ನಾಲ್ಕರೊಳಗೆ ಬರುತ್ತದೆ, ಮತ್ತು ಹೆಚ್ಚು ಎಂದರೆ ಎಲ್ಲ ಕಡೆಯೂ ಒಳ್ಳೆಯದು ಎಂದೇ ಅರ್ಥವಾಗುತ್ತದೆ. ಅಂಗಡಿಯವರ ಬೆಸ ಸಾಲುಗಳು 4, 4, 4, 4, 3. ಒಂದೊಂದು ಕಳೆದರೆ 3, 3, 3, 3, 2, ಒಟ್ಟು 14. ಸಮ ಸಾಲುಗಳು 2, 3, 2, 2, 3. ಐದರಿಂದ ಕಳೆದರೆ 3, 2, 3, 3, 2, ಒಟ್ಟು 13. ಎರಡೂ ಸೇರಿ 27. ಹತ್ತು ಹೇಳಿಕೆಗೆ ತಲಾ ನಾಲ್ಕರಂತೆ ಗರಿಷ್ಠ 40 ಆಗುವುದರಿಂದ, ಅದನ್ನು 100ಕ್ಕೆ ಹಿಗ್ಗಿಸಲು 2.5ರಿಂದ ಗುಣಿಸುತ್ತಾರೆ. 27ನ್ನು 2.5ರಿಂದ ಗುಣಿಸಿದರೆ 67.5. ಇದು ಅವರೊಬ್ಬರ ಅಂಕ.

ಎಂಟು ಜನರಿಗೂ ಕೈಯಲ್ಲಿ ಲೆಕ್ಕ ಹಾಕಬೇಕಿಲ್ಲ. ಎಕ್ಸೆಲ್‌ನಲ್ಲಿ ಒಬ್ಬರಿಗೊಂದು ಸಾಲು, A ಕಾಲಮ್ಮಿನಲ್ಲಿ ಅವರ ಕ್ರಮಸಂಖ್ಯೆ, Bಯಿಂದ Kವರೆಗೆ ಹತ್ತು ಉತ್ತರಗಳು. ಮೇಲಿನ ಕೂಡು-ಕಳೆಗಳನ್ನೆಲ್ಲ ಒಟ್ಟುಮಾಡಿದರೆ ಉಳಿಯುವ ಸೂತ್ರ ಇಷ್ಟೇ:

```
=(20+B2-C2+D2-E2+F2-G2+H2-I2+J2-K2)*2.5
```

ಐದು ಬೆಸ ಸಾಲುಗಳಲ್ಲಿ ಕಳೆಯುವ 5 ಮತ್ತು ಐದು ಸಮ ಸಾಲುಗಳಲ್ಲಿ ಸಿಗುವ 25 ಕೂಡಿ ಈ 20 ಆಗಿದೆ. ಯಾರಾದರೂ ಒಂದು ಹೇಳಿಕೆಗೆ ಉತ್ತರಿಸದೆ ಬಿಟ್ಟಿದ್ದರೆ ಅಲ್ಲಿ ನಡುವಿನ 3 ತುಂಬಬೇಕು. ಖಾಲಿ ಬಿಟ್ಟರೆ ಎಕ್ಸೆಲ್ ಅದನ್ನು ಸೊನ್ನೆ ಎಂದು ಎಣಿಸಿಕೊಂಡು, ತೆಗಳುವ ಸಾಲಾದರೆ ಅಂಕವನ್ನು ಸದ್ದಿಲ್ಲದೆ ಏರಿಸಿಬಿಡುತ್ತದೆ.

ತಿರುಗಿಸುವುದನ್ನು ಮರೆತರೆ ಏನಾಗುತ್ತದೆ? ಅಂಗಡಿಯವರ ಹತ್ತೂ ಉತ್ತರಗಳಿಂದ ಒಂದೊಂದು ಕಳೆದು ಕೂಡಿಸಿದರೆ 21, ಅಂದರೆ 52.5 ಅಂಕ. ನಿಜದ ಅಂಕಕ್ಕಿಂತ 15 ಕಡಿಮೆ. ಇಂಥ ತಪ್ಪು ಅನುಭವವಿಲ್ಲದವರು ಮಾತ್ರ ಮಾಡುವಂಥದ್ದಲ್ಲ. ಜೆಫ್ ಸಾರೊ ಮತ್ತು ಜೇಮ್ಸ್ ಲೂಯಿಸ್ ಎಂಬ ಇಬ್ಬರು ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾವು ಪರಿಶೀಲಿಸಿದ 27 ಎಸ್‌ಯುಎಸ್ ದತ್ತಾಂಶಗಳ ಪೈಕಿ 3ರಲ್ಲಿ ಅಂಕ ಹಾಕಿದವರೇ ತಪ್ಪಿದ್ದರೆಂದು ತೋರಿಸಿದರು. ಸೂತ್ರ ಸರಿಯಿದೆಯೇ ಎಂದು ನೋಡಲು ಸುಲಭದ ದಾರಿಯಿದೆ. ಒಂದು ಸುಳ್ಳು ಸಾಲು ಬರೆದು ಹತ್ತು ಕಡೆಯೂ 5 ತುಂಬಿಸಿ. ಸೂತ್ರ ಸರಿಯಾಗಿದ್ದರೆ 50 ಬರಬೇಕು. ಹತ್ತೂ 1 ಆದರೂ 50, ಹತ್ತೂ 3 ಆದರೂ 50. ನೂರು ಬಂದರೆ ತಿರುವು ತಪ್ಪಿದೆ.

ಇದರಿಂದಲೇ ಇನ್ನೊಂದು ಸುಳಿವೂ ಸಿಗುತ್ತದೆ. ಒಬ್ಬರ ಅಂಕ ಸರಿಯಾಗಿ 50 ಬಂದಿದ್ದರೆ ಅವರ ಹಾಳೆಯನ್ನು ಮತ್ತೆ ತೆರೆದು ನೋಡಬೇಕು. ಅಳೆದು ತೂಗಿ 50 ಬಂದಿರಬಹುದು, ಕಣ್ಣುಮುಚ್ಚಿ ಒಂದೇ ಕಾಲಮ್ಮಿಗೆ ಸುತ್ತು ಹಾಕಿಯೂ ಬಂದಿರಬಹುದು.

ಲೆಕ್ಕ ಹಾಕುವವರ ತಪ್ಪನ್ನು ಸೂತ್ರ ತಿದ್ದುತ್ತದೆ, ಉತ್ತರಿಸುವವರ ತಪ್ಪನ್ನು ಅದು ತಿದ್ದಲಾರದು. ನಮ್ಮ ಉದಾಹರಣೆಯ ಆರನೆಯವರು ನಿವೃತ್ತ ಶಿಕ್ಷಕಿ. ನಾಲ್ಕೂ ಕೆಲಸವನ್ನು ತಡವರಿಸದೆ ಮುಗಿಸಿದರು, ಮುಖದಲ್ಲಿ ಸಂತೋಷವಿತ್ತು. ಹಾಳೆಯಲ್ಲಿ ಮಾತ್ರ 5, 4, 5, 5, 4, 4, 5, 4, 5, 5. ಸೂತ್ರದ ಪ್ರಕಾರ 55. ಬಳಸಲು ಸುಲಭ ಎಂಬುದಕ್ಕೆ 5 ಕೊಟ್ಟವರು, ಬಳಸುವುದು ತೊಡಕಿನ ಕೆಲಸ ಎಂಬುದಕ್ಕೂ 4 ಕೊಟ್ಟಿದ್ದಾರೆ. ಬೇಗ ಕಲಿಯಬಹುದು ಎಂಬುದಕ್ಕೆ 5, ತುಂಬ ಕಲಿಯಬೇಕಾಯಿತು ಎಂಬುದಕ್ಕೂ 5. ಎರಡೂ ಒಟ್ಟಿಗೆ ನಿಜವಾಗುವುದು ಕಷ್ಟ. ಅವರು ಹೇಳಿಕೆಗಳನ್ನು ಓದುವ ಬದಲು ಆ್ಯಪ್‌ಗೆ ಒಟ್ಟಾರೆ ಶಹಭಾಸ್ ಹೇಳಿದ್ದಾರೆ.

ಹಾಳೆ ಕೈಗೆ ಬಂದ ಕೂಡಲೇ, ಅವರು ಏಳುವ ಮೊದಲೇ, ಮೂರು ಮತ್ತು ಎಂಟನೆಯ ಸಾಲನ್ನೂ ಏಳು ಮತ್ತು ಹತ್ತನೆಯ ಸಾಲನ್ನೂ ಜೊತೆಯಿಟ್ಟು ನೋಡುವ ಅಭ್ಯಾಸ ಬೇಕು. ಎರಡೂ ಮೇಲೆಯೇ ಇದ್ದರೆ, "ಮೇಡಂ, ಇದೊಂದು ಸಾಲು ಇನ್ನೊಮ್ಮೆ ಓದ್ತೀರಾ? ತೊಡಕು ಅಂತ ಇದೆ" ಎಂದು ಕೇಳಿದರೆ ಸಾಕು. "ಅಯ್ಯೋ, ಇದು ಉಲ್ಟಾನಾ!" ಎಂದು ಅವರೇ ತಿದ್ದಿಕೊಡುತ್ತಾರೆ. ನಮ್ಮ ಶಿಕ್ಷಕಿ ಸಮ ಸಾಲುಗಳನ್ನು 2, 1, 2, 2, 1 ಎಂದು ತಿದ್ದಿದರು ಎನ್ನೋಣ. ಅಂಕ 90ಕ್ಕೆ ಏರುತ್ತದೆ. ಆದರೆ ಅವರು ಮನೆಗೆ ಹೋದ ಮೇಲೆ, ಹೀಗೆಂದಿರಬೇಕು ಎಂದು ಊಹಿಸಿ ನಾವೇ ತಿದ್ದುವುದು ಸಲ್ಲದು. ಆಗ ಉಳಿಯುವ ದಾರಿ ಆ ಹಾಳೆಯನ್ನು ಲೆಕ್ಕದಿಂದ ಕೈಬಿಟ್ಟು, ಬಿಟ್ಟಿದ್ದೇವೆ ಎಂದು ವರದಿಯಲ್ಲಿ ಬರೆಯುವುದು.

ಈ ಗೊಂದಲವನ್ನು ಬೇರಿನಲ್ಲೇ ಕೀಳಲು ಸಾರೊ ಮತ್ತು ಲೂಯಿಸ್ ಅದೇ ಅಧ್ಯಯನದಲ್ಲಿ ಹತ್ತನ್ನೂ ಹೊಗಳಿಕೆಯಾಗಿ ಬರೆದ ಹಾಳೆಯನ್ನು ಪರೀಕ್ಷಿಸಿದರು. ಅಂಕಗಳಲ್ಲಿ ಗಮನಿಸಬೇಕಾದಂಥ ವ್ಯತ್ಯಾಸ ಕಾಣಲಿಲ್ಲ. ಹೇಳಿಕೆಗಳನ್ನು ಗಟ್ಟಿಯಾಗಿ ಓದಿ ಉತ್ತರ ಕೇಳಬೇಕಾದ ಕಡೆ, ಮನೆಗೆ ಬಂದವರ ಮನಸ್ಸು ನೋಯಿಸಬಾರದೆಂದು ಎಲ್ಲದಕ್ಕೂ "ಹ್ಞೂಂ" ಎನ್ನುವ ಹಿರಿಯರ ಮುಂದೆ, ಯಾವ ಹಾಳೆ ಹಿಡಿಯಬೇಕು ಎಂಬುದು ಸುಲಭದ ಆಯ್ಕೆಯಲ್ಲ. ಎಲ್ಲ ಹೊಗಳಿಕೆಯಾದರೆ ಆ "ಹ್ಞೂಂ" ನೇರವಾಗಿ 100ಕ್ಕೆ ಹೋಗುತ್ತದೆ. ಹಳೆಯ ಹಾಳೆಯಲ್ಲಿ 50ರಲ್ಲಿ ನಿಂತು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಅದಕ್ಕಾಗಿಯೇ ಓದಿ ಹೇಳುವಾಗ ಹಳೆಯದೇ ಮೇಲು ಎಂದು ನನ್ನ ಅಭಿಪ್ರಾಯ. ಸಮ ಸಾಲುಗಳನ್ನು ಕನ್ನಡದಲ್ಲಿ ಬರೆಯುವಾಗ ಒಂದು ಎಚ್ಚರ ಇರಲಿ. ವಾಕ್ಯ "ಸುಲಭವಾಗಿಲ್ಲ" ಎಂದು ಮುಗಿದರೆ, ಕೇಳಿದವರು "ಇಲ್ಲ" ಎಂದಾಗ ಒಪ್ಪಿದರೋ ಅಲ್ಲಗಳೆದರೋ ತಿಳಿಯುವುದಿಲ್ಲ. "ಕಷ್ಟವಾಗಿದೆ" ಎಂದೇ ಬರೆಯಬೇಕು.

ಈಗ ಎಂಟೂ ಜನರ ಅಂಕಗಳನ್ನು ಒಟ್ಟಿಗಿಡೋಣ: 67.5, 82.5, 40, 75, 57.5, 90, 72.5, 50. ಕೂಡಿಸಿದರೆ 535, ಸರಾಸರಿ 66.9. ಶಿಕ್ಷಕಿಯನ್ನು ಮರಳಿ ಕೇಳದೆ 55ನ್ನೇ ಉಳಿಸಿಕೊಂಡಿದ್ದರೆ ಸರಾಸರಿ 62.5ಕ್ಕೆ ಇಳಿಯುತ್ತಿತ್ತು.

66.9 ಎಂದೊಡನೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೆನಪಾಗಿ ಪ್ರಥಮ ದರ್ಜೆ ಎಂದು ಬ್ಯಾಂಕಿನವರು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಇದು ಶೇಕಡಾವಾರು ಅಲ್ಲ. ನೂರರಲ್ಲಿ 67 ಜನರಿಗೆ ಇಷ್ಟವಾಯಿತು ಎಂದೂ ಅಲ್ಲ, ಆ್ಯಪಿನ 67 ಪಾಲು ಸರಿಯಿದೆ ಎಂದೂ ಅಲ್ಲ. ಅಂಕಕ್ಕೆ ಅರ್ಥ ಬರುವುದು ಬೇರೆಯವುಗಳ ಪಕ್ಕದಲ್ಲಿಟ್ಟಾಗ. ಸಾರೊ ಸುಮಾರು 500 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಸಿಕ್ಕ ಸರಾಸರಿ 68. ಅಂದರೆ 68 ಪಡೆದ ವಸ್ತು ಸಾಲಿನ ನಟ್ಟನಡುವೆ ನಿಲ್ಲುತ್ತದೆ. ಅರ್ಧದಷ್ಟು ಅದಕ್ಕಿಂತ ಮೇಲೆ, ಅರ್ಧದಷ್ಟು ಕೆಳಗೆ. ಅಮೆರಿಕದ ಫಿಲಿಪ್ ಕಾರ್ಟಮ್ ಮತ್ತು ಆರನ್ ಬ್ಯಾಂಗರ್ ದಿನಬಳಕೆಯ ವಸ್ತುಗಳಿಗೆ ಇದೇ ಹಾಳೆಯಿಂದ ಅಂಕ ಕೊಡಿಸಿದಾಗ ಎಟಿಎಂಗೆ 82, ಮೈಕ್ರೊವೇವ್ ಒಲೆಗೆ 87, ಎಕ್ಸೆಲ್‌ಗೆ 56ರ ಆಸುಪಾಸು ಬಂದವು. ಅಂಕ ಕೊಟ್ಟವರು ಅಲ್ಲಿಯ ಜನ, ಅಳೆದದ್ದು ಅಲ್ಲಿಯ ಯಂತ್ರ ಎಂಬುದನ್ನು ಮರೆಯಬಾರದು. ಆದರೂ ಬ್ಯಾಂಕಿನ ಆ್ಯಪ್ ಮಾಡುವವರಿಗೆ ಎಟಿಎಂನ ಆ 82 ಕಣ್ಣೆದುರಿಗಿರುವುದು ಒಳ್ಳೆಯದು. ಗ್ರಾಹಕರು ಆ್ಯಪನ್ನು ಹೋಲಿಸಿ ನೋಡುವುದು ಎಟಿಎಂ ಜೊತೆಗೆ.

ಹಾಗಾದರೆ ನಮ್ಮ ಆ್ಯಪ್ 68ಕ್ಕಿಂತ ಕೆಳಗಿದೆಯೇ? ಹಾಗೆಂದು ಹೇಳಲು ಬರುವುದಿಲ್ಲ. ಎಂಟು ಅಂಕಗಳು 40ರಿಂದ 90ರವರೆಗೆ ಚೆದುರಿವೆ. ಬೇರೆ ಎಂಟು ಜನ ಬಂದಿದ್ದರೆ ಸರಾಸರಿ ಬೇರೆಯೇ ಆಗುತ್ತಿತ್ತು. ಎಷ್ಟು ಬೇರೆ ಎಂಬುದಕ್ಕೂ ಲೆಕ್ಕವಿದೆ. ಈ ಅಂಕಗಳ ಚೆದುರಿಕೆಯನ್ನು, ಸಂಖ್ಯಾಶಾಸ್ತ್ರದವರು ಮಾನಕ ವಿಚಲನೆ ಎನ್ನುವುದನ್ನು, ಎಕ್ಸೆಲ್‌ನ `STDEV.S` ಹೇಳುತ್ತದೆ: ಸುಮಾರು 16.8. ಅದನ್ನು ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ 5.9. ಎಂಟು ಜನರಿಗೆ ಕೋಷ್ಟಕದಲ್ಲಿ ಸಿಗುವ ಗುಣಕ 2.365, ಅದರಿಂದ ಗುಣಿಸಿದರೆ 14. ಆದ್ದರಿಂದ ನಿಜದ ಸರಾಸರಿ 53ರಿಂದ 81ರ ನಡುವೆ ಎಲ್ಲೋ ಇರಬಹುದು ಎಂದಷ್ಟೇ ಶೇಕಡಾ 95ರ ಭರವಸೆಯಿಂದ ಹೇಳಬಹುದು. 53 ಎಂದರೆ ತಲೆಬಿಸಿಯಾಗುವ ಆ್ಯಪ್, 81 ಎಂದರೆ ಎಟಿಎಂನ ಹತ್ತಿರ ಬರುವ ಆ್ಯಪ್. ಈ ಅಂತರವನ್ನು 5ಕ್ಕೆ ಇಳಿಸಬೇಕಾದರೆ ಇದೇ ಚೆದುರಿಕೆಯಲ್ಲಿ 45ರಿಂದ 50 ಜನ ಬೇಕಾಗುತ್ತಾರೆ.

ಎಂಟನೆಯವರ 50 ಹೇಗೆ ಬಂತೆಂದು ಹಾಳೆ ತೆರೆದರೆ ಹತ್ತೂ ಕಡೆ 3. ಅವಸರವಿತ್ತೇನೋ, ಬೇಸರವಿತ್ತೇನೋ. ಅವರನ್ನು ಬಿಟ್ಟರೆ ಉಳಿದ ಏಳು ಜನರ ಸರಾಸರಿ 69.3. ಒಂದು ಹಾಳೆ ಇಟ್ಟರೆ 68ಕ್ಕಿಂತ ಕೆಳಗೆ, ತೆಗೆದರೆ ಮೇಲೆ. ಇಂಥ ಹಾಳೆಯನ್ನು ಇಡಬೇಕೋ ಬಿಡಬೇಕೋ ಎಂಬ ನಿಯಮವನ್ನು ಪರೀಕ್ಷೆಗೆ ಮೊದಲೇ ಬರೆದಿಡಬೇಕು. ಅಂಕ ನೋಡಿದ ಮೇಲೆ ತೀರ್ಮಾನಿಸಿದರೆ, ಯಾರಿಗೂ ಗೊತ್ತಾಗದಂತೆ, ನಮಗೇ ಗೊತ್ತಾಗದಂತೆ, ಬೇಕಾದ ಅಂಕದ ಕಡೆಗೆ ಕೈ ವಾಲುತ್ತದೆ.

ಈ ಹಾಳೆ ಎಂದೂ ಹೇಳದ ಒಂದು ವಿಷಯವಿದೆ. ಎರಡನೆಯವರು 82.5 ಕೊಟ್ಟ ಯುವಕ. ಆತ ಹೊಸಬರ ಖಾತೆ ಸೇರಿಸಿದ, ಓಟಿಪಿ ಹಾಕಿದ, ಪರದೆಯ ಮೇಲೆ ಹಸಿರು ಗುರುತು ಮೂಡಿತು. ಹಣ ಹೋಯಿತು ಎಂದುಕೊಂಡು ಫೋನು ಕೆಳಗಿಟ್ಟ. ಹಣ ಹೋಗಿರಲಿಲ್ಲ, ಆ ಹಸಿರು ಗುರುತು ಖಾತೆ ಸೇರಿದ್ದಕ್ಕೆ. ಆತನ ಪಾಲಿಗೆ ಆ್ಯಪ್ ಸೊಗಸಾಗಿದೆ, ಆದ್ದರಿಂದ ಅಂಕವೂ ಸೊಗಸಾಗಿದೆ. ಮೂರನೆಯವರಿಗೂ ಎಡವಿದ್ದು ಅಲ್ಲೇ. ಒಂದು ಪರದೆಯಲ್ಲಿ ಎಂಪಿನ್, ಇನ್ನೊಂದರಲ್ಲಿ ವಹಿವಾಟಿನ ಪಾಸ್‌ವರ್ಡ್ ಕೇಳಿದ್ದರಿಂದ ಮೂರು ಸಲ ತಪ್ಪಾಗಿ ಆ್ಯಪ್ ಲಾಕ್ ಆಯಿತು. ತಾವು ಸೋತದ್ದು ಅವರಿಗೆ ಗೊತ್ತು, ಅವರ ಅಂಕ 40. ಒಬ್ಬರಿಗೂ ಕೆಲಸ ಆಗಲಿಲ್ಲ, ಆದರೆ ಅಂಕಗಳ ನಡುವೆ 42.5ರ ಅಂತರ. ಎಸ್‌ಯುಎಸ್ ಅಳೆಯುವುದು ಬಳಸಿದವರ ಅನಿಸಿಕೆಯನ್ನು ಮಾತ್ರ. ಕೆಲಸ ಆಯಿತೇ, ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ನಿಂತರು ಎಂಬುದನ್ನು ಪಕ್ಕದಲ್ಲಿ ಕೂತವರು ಬೇರೆ ಹಾಳೆಯಲ್ಲಿ ಬರೆದುಕೊಂಡಿರಬೇಕು. ಹಣದ ವಿಷಯದಲ್ಲಿ ಆ ಯುವಕನ ತೃಪ್ತಿಯೇ ಹೆಚ್ಚು ಅಪಾಯಕಾರಿ ಎಂದು ನನಗನ್ನಿಸುತ್ತದೆ. ಸೋತೆನೆಂದು ಗೊತ್ತಿರುವವರು ಶಾಖೆಗೆ ಫೋನು ಮಾಡುತ್ತಾರೆ. ಗೆದ್ದೆನೆಂದುಕೊಂಡವರು ಮಗಳ ಕಾಲೇಜಿನ ಶುಲ್ಕದ ಕೊನೆಯ ದಿನ ಕಳೆಯುವವರೆಗೂ ನಿಶ್ಚಿಂತರಾಗಿರುತ್ತಾರೆ.

ಹತ್ತು ಹೇಳಿಕೆಗಳಲ್ಲಿ ಕಡಿಮೆ ಬಂದ ಒಂದನ್ನು ಹೆಕ್ಕಿ, ಒಂಬತ್ತನೆಯದರಲ್ಲಿ ಧೈರ್ಯ ಕಡಿಮೆಯಿದೆ, ಅದನ್ನು ಸರಿಪಡಿಸಿ ಎಂದು ತಂಡಕ್ಕೆ ಹೇಳುವ ಆಸೆ ಹಲವರಿಗಿರುತ್ತದೆ. ಒಂದೊಂದು ಹೇಳಿಕೆಯ ಅಂಕಕ್ಕೆ ಬಿಡಿಯಾಗಿ ಅರ್ಥವಿಲ್ಲ ಎಂದು ಬ್ರೂಕ್ ಮೊದಲೇ ಹೇಳಿದ್ದರು. ಧೈರ್ಯದ ಸಾಲು ಬ್ಯಾಂಕ್ ಆ್ಯಪಿನಲ್ಲಿ ಇನ್ನೂ ನಾಜೂಕಿನದು: ಪರೀಕ್ಷೆಯ ಹಣ ಕಳಿಸುವಾಗ ಇದ್ದ ಧೈರ್ಯ ಸ್ವಂತ ಸಂಬಳ ಕಳಿಸುವಾಗ ಇರಬೇಕೆಂದಿಲ್ಲ.

ಹಾಗಾದರೆ ವರದಿಯಲ್ಲಿ ಏನು ಬರೆಯಬೇಕು? ಎಂಟು ಜನ, ನಾಲ್ಕು ಕೆಲಸ, ಹಳೆಯ ಹಾಳೆ, ಕನ್ನಡದಲ್ಲಿ. ಸರಾಸರಿ 66.9, ವ್ಯಾಪ್ತಿ 53ರಿಂದ 81. ಒಂದು ಹಾಳೆಯನ್ನು ಉತ್ತರಿಸಿದವರೇ ತಿದ್ದಿದ್ದಾರೆ, ಒಂದರಲ್ಲಿ ಎಲ್ಲವೂ 3. ಎಂಟರಲ್ಲಿ ಇಬ್ಬರು ಹಣ ಕಳಿಸಲಾಗಲಿಲ್ಲ, ಅವರಲ್ಲೊಬ್ಬರಿಗೆ ಅದು ಗೊತ್ತೇ ಆಗಲಿಲ್ಲ. ಹಸಿರು ಗುರುತಿನ ಕೆಳಗೆ "ಖಾತೆ ಸೇರಿದೆ, ಹಣ ಇನ್ನೂ ಕಳಿಸಿಲ್ಲ" ಎಂದು ಬರೆದು, ಎರಡು ಪರದೆಗೂ ಒಂದೇ ಪಿನ್ ಇಟ್ಟು, ಮುಂದಿನ ತಿಂಗಳು ಬೇರೆ ಎಂಟು ಜನರನ್ನು ಕರೆದಾಗ 74 ಬಂದರೆ ಅದು ಆ್ಯಪ್ ಸುಧಾರಿಸಿದ್ದಕ್ಕೆ ಪುರಾವೆ ಎನ್ನಲಾಗದು. ಏಳು ಅಂಕದ ಏರಿಕೆ ಈ ವ್ಯಾಪ್ತಿಯೊಳಗೇ ಮುಳುಗಿಹೋಗುತ್ತದೆ. ಆ ಎಂಟು ಜನರಲ್ಲಿ ಎಷ್ಟು ಜನರ 500 ರೂಪಾಯಿ ನಿಜವಾಗಿ ತಲುಪಿತು ಎಂಬುದನ್ನು ಅದರ ಪಕ್ಕದಲ್ಲೇ ಬರೆಯಬೇಕು.